ಹುಡುಕುವವರ ಬಾಯಲ್ಲಿರುವ ಮಾತು

ಪ್ರಶ್ನೆ: ನಾನು ಸಾಗರ ತಾಲೂಕಿನ ಹಳ್ಳಿಯ ಸೊಸೆ. ನಮ್ಮದು ಅಡಿಕೆ ತೋಟ. ಮಾವನವರಿಗೆ ತೋಟದ ಕೆಲಸವೆಂದರೆ ಪ್ರಾಣ. ಅವರಿಗೆ ತಿಳಿದದ್ದು ಅವರೊಂದಿಗೇ ಹೋಗಬಾರದು ಅಂತ ಎರಡು ವರ್ಷದಿಂದ ಅವರ ಕೆಲಸವನ್ನು ಫೋನಿನಲ್ಲಿ ಹಿಡಿದು ಯೂಟ್ಯೂಬಿಗೆ ಹಾಕುತ್ತಿದ್ದೇನೆ. ಬೋರ್ಡೋ ದ್ರಾವಣ ತಯಾರಿಸುವ ವಿಡಿಯೊ ಮಾಡಲು ಇಡೀ ದಿನ ಕಷ್ಟಪಟ್ಟೆವು. ನೋಡಿದವರೆಲ್ಲ ಚೆನ್ನಾಗಿದೆ ಅನ್ನುತ್ತಾರೆ, ಆದರೆ ನೋಡಿದವರೇ ಕಡಿಮೆ. ಅದೇ ವಿಷಯದ ಮೇಲೆ ಅರೆಬರೆ ಮಾಹಿತಿ ಕೊಟ್ಟ ಬೇರೆಯವರ ವಿಡಿಯೊಗಳು ಸಾವಿರಾರು ಜನರಿಗೆ ತಲುಪಿವೆ. ತಲೆಬರಹದಲ್ಲಿ, ವಿವರಣೆಯಲ್ಲಿ ಸರಿಯಾದ ಕೀವರ್ಡ್ ಹಾಕಬೇಕು ಅಂತ ಪರಿಚಯದ ಹುಡುಗ ಹೇಳಿದ. ಇನ್ನೊಂದು ಚಾನೆಲ್‌ನ ವಿವರಣೆಯ ಕೆಳಗಿದ್ದ ಪದಗಳ ದೊಡ್ಡ ಪಟ್ಟಿಯನ್ನೇ ನಮ್ಮ ಎಲ್ಲ ವಿಡಿಯೊಗಳಿಗೂ ಅಂಟಿಸಿದೆ. ಏನೂ ಪ್ರಯೋಜನವಾಗಲಿಲ್ಲ. ಮಾವ ಬೇರೆ, "ಹೆಸರು ಬದಲಾಯಿಸಿ ಜನರನ್ನು ಕರೆಯೋದು ಸರಿ ಅಲ್ಲ, ಬೇಕಾದವರು ಬರ್ತಾರೆ" ಅನ್ನುತ್ತಾರೆ. ಈ ಕೀವರ್ಡ್ ಎನ್ನುವುದನ್ನು ಎಲ್ಲಿಂದ ತರಬೇಕು? ದುಡ್ಡು ಕೊಟ್ಟು ಯಾವುದಾದರೂ ಟೂಲ್ ತೆಗೆದುಕೊಳ್ಳಬೇಕೆ? ನಮ್ಮ ವಿಡಿಯೊದ ವರದಿಯನ್ನೂ ಕಳಿಸಿದ್ದೇನೆ, ದಯವಿಟ್ಟು ನೋಡಿ.

ಉತ್ತರ: ಪ್ರಿಯ ಸಹೋದರಿ,

ವಿಡಿಯೊ ಪೂರ್ತಿ ನೋಡಿದೆ. ಮೈಲುತುತ್ತವನ್ನು ಬಟ್ಟೆಯಲ್ಲಿ ಕಟ್ಟಿ ನೀರಿನಲ್ಲಿ ಇಳಿಬಿಡುವುದು, ಸುಣ್ಣವನ್ನು ಬೇರೆ ಪಾತ್ರೆಯಲ್ಲಿ ಅರಳಿಸುವುದು, ಕೊನೆಗೆ ಹೊಳೆಯುವ ಕತ್ತಿಯ ತುದಿಯನ್ನು ದ್ರಾವಣದಲ್ಲಿ ಅದ್ದಿ ಕೆಂಪು ಬಣ್ಣ ಕೂರುತ್ತದೆಯೇ ಎಂದು ನೋಡುವುದು, ಎಲ್ಲವನ್ನೂ ನಿಮ್ಮ ಮಾವ ಅವಸರವಿಲ್ಲದೆ ತೋರಿಸಿದ್ದಾರೆ. ಕತ್ತಿಯ ಮೇಲೆ ತಾಮ್ರ ಕೂತರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಎಳೆಗೊನೆ ಸುಡುತ್ತದೆ ಎಂಬ ಮಾತನ್ನು ಅವರು ಹೇಳುವ ರೀತಿಯಲ್ಲೇ ಅನುಭವ ಕಾಣುತ್ತದೆ. ತೊಂದರೆ ಇರುವುದು ವಿಡಿಯೊದಲ್ಲಲ್ಲ. ಅದಕ್ಕೆ ನೀವಿಟ್ಟ ಹೆಸರು "ಮಳೆಗಾಲಕ್ಕೆ ಮುಂಚೆ ಮಾವನ ಕೆಲಸ | ತೋಟದ ದಿನಚರಿ - 14". ಈ ಹೆಸರಿನಲ್ಲಿ ಬೋರ್ಡೋ ಇಲ್ಲ, ಮೈಲುತುತ್ತ ಇಲ್ಲ, ಅಡಿಕೆ ಇಲ್ಲ, ಕೊಳೆ ಇಲ್ಲ. ನಿಮ್ಮ ಚಾನೆಲ್ ಗೊತ್ತಿರುವವರಿಗೆ ಅದು ಆಪ್ತವಾದ ಹೆಸರು. ಆದರೆ ಮೇ ತಿಂಗಳಲ್ಲಿ ಡ್ರಮ್ಮಿನ ಪಕ್ಕ ನಿಂತು, ಸುಣ್ಣ ಎಷ್ಟು ಹಾಕಬೇಕು ಅಂತ ಫೋನಿನಲ್ಲಿ ಹುಡುಕುವ ಕೊಪ್ಪದ ರೈತರಿಗೆ ನಿಮ್ಮ ಮಾವ ಯಾರೆಂದು ಗೊತ್ತಿಲ್ಲ. ಅವರು ತಮಗೆ ಬೇಕಾದ ವಸ್ತುವಿನ ಹೆಸರನ್ನು ಟೈಪ್ ಮಾಡುತ್ತಾರೆ. ಆ ಹೆಸರು ನಿಮ್ಮ ತಲೆಬರಹದಲ್ಲಿ ಇದ್ದರೆ ತಾನೇ ಅವರಿಗೆ ನೀವು ಸಿಗುವುದು?

ಇಂಥ ಪದಗಳನ್ನು ಯೋಚಿಸಿ ಕಟ್ಟಬೇಕಾಗಿಲ್ಲ, ಬೇರೆಯವರಿಂದ ಎರವಲು ತರಬೇಕಾಗಿಯೂ ಇಲ್ಲ. ಅವು ಎರಡು ಕಡೆ ಪುಕ್ಕಟೆಯಾಗಿ ಸಿಗುತ್ತವೆ. ಒಂದು, ಯೂಟ್ಯೂಬಿನ ಹುಡುಕಾಟದ ಪೆಟ್ಟಿಗೆಯಲ್ಲಿ ಟೈಪ್ ಮಾಡಲು ಶುರುಮಾಡಿದ ಕೂಡಲೇ ಕೆಳಗೆ ಇಳಿಯುವ ಸಲಹೆಗಳು. ಇನ್ನೊಂದು, ನಿಮ್ಮದೇ ಯೂಟ್ಯೂಬ್ ಸ್ಟುಡಿಯೊದೊಳಗೆ ಇರುವ, ಜನ ಯಾವ ಪದ ಹುಡುಕಿ ನಿಮ್ಮ ವಿಡಿಯೊಗೆ ಬಂದರು ಎಂಬ ವರದಿ. ಊರಲ್ಲಿ ಜನ ಏನೇನು ಕೇಳುತ್ತಾರೆ ಅನ್ನುವುದು ಮೊದಲನೆಯದರಲ್ಲಿ ಗೊತ್ತಾಗುತ್ತದೆ. ಅದರಲ್ಲಿ ಯಾವುದಕ್ಕೆ ನಿಮ್ಮ ವಿಡಿಯೊ ನಿಜವಾಗಿ ಉತ್ತರ ಕೊಟ್ಟಿದೆ ಅನ್ನುವುದು ಎರಡನೆಯದರಲ್ಲಿ. ಒಂದನ್ನೇ ನಂಬಿ ಹೊರಟರೆ ದಾರಿ ತಪ್ಪುತ್ತದೆ.

ಸಲಹೆಗಳಿಂದ ಶುರುಮಾಡೋಣ. ಮೊದಲಿಗೆ, ನಿಮ್ಮ ಫೋನಿನ ಯೂಟ್ಯೂಬ್ ಆ್ಯಪ್ ತೆರೆದು ನೋಡಬೇಡಿ. ನೀವು ದಿನವೂ ಅಡಿಕೆಯ ವಿಡಿಯೊಗಳನ್ನೇ ನೋಡುವವರು. ನಿಮ್ಮ ಹಳೆಯ ಹುಡುಕಾಟಗಳು ಆ ಪಟ್ಟಿಯೊಳಗೆ ಸೇರಿಕೊಂಡಿರುತ್ತವೆ. ಬ್ರೌಸರಿನಲ್ಲಿ ಇನ್‌ಕಾಗ್ನಿಟೊ ಕಿಟಕಿ ತೆರೆದು, ಲಾಗಿನ್ ಆಗದೆ youtube.com ಗೆ ಹೋಗಿ. ಸ್ಥಳ ಭಾರತ ಎಂದೇ ಇರಲಿ. ಆಮೇಲೆ ಒಂದೊಂದೇ ಪದ ಹೊಡೆದು, ಎಂಟರ್ ಒತ್ತದೆ, ಕೆಳಗೆ ಬರುವುದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

ಪುಟವನ್ನು ಮೂರು ಭಾಗ ಮಾಡಿ. ಕನ್ನಡದಲ್ಲಿ ಹುಡುಕುವವರು ಮೂರು ಬಗೆಯಲ್ಲಿ ಟೈಪ್ ಮಾಡುತ್ತಾರೆ. ಕೆಲವರು ಕನ್ನಡ ಕೀಬೋರ್ಡಿನಲ್ಲಿ "ಬೋರ್ಡೋ ದ್ರಾವಣ" ಎನ್ನುತ್ತಾರೆ. ಕೆಲವರು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಾರೆ: "bordo dravana". ಇನ್ನು ಕೆಲವರು ಇಂಗ್ಲಿಷಿನ ಹೆಸರನ್ನೇ ಹೊಡೆದು ಕೊನೆಗೆ ಭಾಷೆ ಸೇರಿಸುತ್ತಾರೆ: "bordeaux mixture in kannada". ಮೂವರಿಗೂ ಬೇಕಾದದ್ದು ಒಂದೇ ಡ್ರಮ್ಮಿನ ದ್ರಾವಣ. ಎರಡು ಲಿಪಿಗಳ ನಡುವೆ ಯೂಟ್ಯೂಬ್ ಎಷ್ಟೋ ಸಲ ತಾನೇ ಹೊಂದಾಣಿಕೆ ಮಾಡಿಕೊಳ್ಳುತ್ತದೆ, ಆದರೆ ಸದಾ ಮಾಡುತ್ತದೆ ಎಂದು ನಂಬಿ ಕೂರುವ ಹಾಗಿಲ್ಲ. ಇಂಗ್ಲಿಷ್ ಅಕ್ಷರದ ಕನ್ನಡಕ್ಕೆ ಕಾಗುಣಿತದ ಕಟ್ಟಳೆಯೂ ಇಲ್ಲ. ಮೈಲುತುತ್ತ ಎನ್ನುವ ಒಂದೇ ಪದ "mailututta", "mailu tuttha", "mylututta" ಹೀಗೆ ಬಗೆಬಗೆಯಾಗಿ ಬರುತ್ತದೆ. ಯಾವುದನ್ನು ಜನ ಹೆಚ್ಚು ಬಳಸುತ್ತಾರೆ ಅಂತ ನೀವು ಊಹಿಸಬೇಡಿ. ಎರಡು ಮೂರು ಬಗೆಯಲ್ಲಿ ಹೊಡೆದು ನೋಡಿ. ಯಾವುದಕ್ಕೆ ಸಲಹೆಗಳು ಸರಸರ ಬರುತ್ತವೆಯೋ ಅದು ಜನರ ಬೆರಳಲ್ಲಿದೆ, ಯಾವುದಕ್ಕೆ ಪಟ್ಟಿ ಖಾಲಿ ಇರುತ್ತದೆಯೋ ಅದು ಬಹುಶಃ ನಿಮ್ಮ ಬೆರಳಲ್ಲಿ ಮಾತ್ರ.

ಪದವನ್ನಷ್ಟೇ ಹೊಡೆದು ನಿಲ್ಲಿಸಬೇಡಿ. "bordo dravana" ಆದಮೇಲೆ ಒಂದು ಜಾಗ ಬಿಟ್ಟು "a" ಒತ್ತಿ, ಬಂದದ್ದನ್ನು ನೋಡಿ. ಅಳಿಸಿ "h" ಒತ್ತಿ, "m" ಒತ್ತಿ. "m" ಒತ್ತಿದಾಗ "maduva vidhana" ಅಂತಲೋ "maduvudu hege" ಅಂತಲೋ ಮುಂದುವರಿಯಬಹುದು. ಕನ್ನಡ ಲಿಪಿಯಲ್ಲಿ ಹಾಗೆಯೇ "ಬೋರ್ಡೋ ದ್ರಾವಣ ತ", "ಬೋರ್ಡೋ ದ್ರಾವಣ ಪ್ರ" ಹೊಡೆಯಿರಿ. ಕರ್ಸರನ್ನು ಪದದ ಆರಂಭಕ್ಕೆ ತಂದು ಅಲ್ಲಿ "ಅಡಿಕೆಗೆ" ಅಂತ ಸೇರಿಸಿಯೂ ನೋಡಿ. ಅರ್ಧ ಗಂಟೆಯೊಳಗೆ ಪುಟ ತುಂಬುತ್ತದೆ. ನಿಮ್ಮಲ್ಲಿ ಬರುವ ಪಟ್ಟಿ ನಾನು ಇಲ್ಲಿ ಬರೆದದ್ದಕ್ಕಿಂತ ಬೇರೆ ಇದ್ದೀತು, ಏಕೆಂದರೆ ಸ್ಥಳ, ಭಾಷೆ, ಆ ವಾರ ಜನ ಹುಡುಕುತ್ತಿರುವ ವಿಷಯ ಇವೆಲ್ಲ ಅದರಲ್ಲಿ ಸೇರಿರುತ್ತವೆ. ಡಿಸೆಂಬರಿನಲ್ಲಿ ಕೊಳೆ ರೋಗದ ಸಲಹೆಗಳು ಮಂಕಾಗಿರುತ್ತವೆ, ಮಳೆ ಹಿಡಿದ ಮೇಲೆ ಬೇರೆಯದೇ ಪಟ್ಟಿ ಬರುತ್ತದೆ. ಅದಕ್ಕಾಗಿ ಒಮ್ಮೆ ಈಗ, ಇನ್ನೊಮ್ಮೆ ಜೂನ್ ಕೊನೆಗೆ ನೋಡಿದರೆ ಒಳ್ಳೆಯದು.

ಈ ಪಟ್ಟಿ ಹೇಳದ ಸಂಗತಿಗಳೂ ಇವೆ. ಮೇಲಿರುವ ಸಲಹೆಯನ್ನೇ ಹೆಚ್ಚು ಜನ ಹುಡುಕುತ್ತಾರೆ ಅಂತ ಲೆಕ್ಕ ಹಾಕಬೇಡಿ. ಸಲಹೆಯ ಪಕ್ಕದಲ್ಲಿ ಸಂಖ್ಯೆ ಇರುವುದಿಲ್ಲ. ಇನ್ನೊಂದು ಮಾತು, ಒಂದೇ ಪದದ ಹಿಂದೆ ಬೇರೆ ಬೇರೆ ಬಯಕೆ ಇರುತ್ತದೆ. ಹಾಗಾಗಿ ಬರೆದುಕೊಂಡ ಪ್ರತಿ ಪದಕ್ಕೂ ಒಮ್ಮೆ ಎಂಟರ್ ಒತ್ತಿ ಮೊದಲ ಆರೇಳು ವಿಡಿಯೊಗಳನ್ನು ನೋಡಿ. "kole roga" ಎಂದು ಹೊಡೆದಾಗ ರೋಗದ ಲಕ್ಷಣ ತೋರಿಸುವ ವಿಡಿಯೊಗಳು ಬರುತ್ತಿವೆಯೇ, ಔಷಧಿ ಹೊಡೆಯುವ ವಿಡಿಯೊಗಳೇ, ಅಥವಾ ನಷ್ಟ ಪರಿಹಾರದ ಸುದ್ದಿಗಳೇ? ಸುದ್ದಿಗಳೇ ತುಂಬಿದ್ದರೆ ಆ ಪದ ನಿಮ್ಮ ದ್ರಾವಣದ ವಿಡಿಯೊಗೆ ತಲೆಬರಹದ ಮುಖ್ಯ ಪದವಾಗಲಾರದು. ಮುಂಚೂಣಿಯಲ್ಲಿ ನಿಮ್ಮಂಥದೇ ವಿಡಿಯೊಗಳಿದ್ದರೆ, ಅದರಲ್ಲೂ ಹಳೆಯವು, ಮಸುಕಾದವು ಇದ್ದರೆ, ಅಲ್ಲಿ ನಿಮಗೆ ಜಾಗವಿದೆ.

ಮಾತು ಯಾವ ಕಡೆಯದು ಅನ್ನುವುದನ್ನೂ ನೋಡಿ. ನಿಮ್ಮ ಕಡೆ ಎಲ್ಲರೂ ಕೊಳೆ ಅನ್ನುತ್ತಾರೆ. ಘಟ್ಟದ ಕೆಳಗೆ ದಕ್ಷಿಣ ಕನ್ನಡದಲ್ಲಿ ಮಹಾಳಿ ಎನ್ನುವ ರೂಢಿಯೂ ಇದೆ. ನೀವು "ಔಷಧಿ ಹೊಡೆಯೋದು" ಅಂದರೆ ಅವರು "ಮದ್ದು ಬಿಡುವುದು" ಅನ್ನುತ್ತಾರೆ. ಇವೆಲ್ಲವನ್ನೂ ತಲೆಬರಹಕ್ಕೆ ತುರುಕಲು ಆಗದು. ಆದರೆ ವಿವರಣೆಯಲ್ಲಿ ಒಂದು ವಾಕ್ಯದಲ್ಲಿ ಸಹಜವಾಗಿ ಬರಬಹುದು.

ಈಗ ನಿಮ್ಮ ವರದಿಗೆ ಬರುತ್ತೇನೆ. ಬೇರೆ ಓದುಗರಿಗಾಗಿ ದಾರಿ ಹೇಳಿಬಿಡುತ್ತೇನೆ. ಕಂಪ್ಯೂಟರಿನಲ್ಲಿ studio.youtube.com ತೆರೆದು, Content ಪಟ್ಟಿಯಿಂದ ಆ ವಿಡಿಯೊ ಆರಿಸಿ, Analytics ಒತ್ತಿ, Reach ಎಂಬ ಭಾಗಕ್ಕೆ ಹೋಗಿ. ನೋಡುಗರು ಎಲ್ಲಿಂದ ಬಂದರು ಎನ್ನುವ ಪಟ್ಟಿಯನ್ನು ಹಿಗ್ಗಿಸಿ, ಅದರೊಳಗೆ YouTube search ಒತ್ತಿದರೆ ಜನ ಟೈಪ್ ಮಾಡಿದ ಪದಗಳು ಒಂದರ ಕೆಳಗೊಂದು ಕಾಣುತ್ತವೆ. ಬಲಗಡೆ ಮೇಲೆ ದಿನಾಂಕ ಬದಲಾಯಿಸಬಹುದು. ಪಟ್ಟಿಯನ್ನು ಇಳಿಸಿಕೊಳ್ಳುವ ಬಾಣದ ಗುರುತೂ ಅಲ್ಲೇ ಇದೆ. ಈ ಗುಂಡಿಗಳ ಜಾಗ ಆಗಾಗ ಬದಲಾಗುತ್ತದೆ, ಹೆಸರು ನೆನಪಿದ್ದರೆ ಹುಡುಕಿಕೊಳ್ಳಬಹುದು. ನೀವು ಕಳೆದ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಅವಧಿ ಆರಿಸಿದ್ದು ಸರಿಯಾಗಿದೆ. ಕಳೆದ 28 ದಿನದ ಅವಧಿಯನ್ನೇ ನೋಡಿದ್ದರೆ, ಮಳೆಗಾಲದ ವಿಷಯಕ್ಕೆ ಬೇಸಿಗೆಯ ಲೆಕ್ಕ ಸಿಗುತ್ತಿತ್ತು.

ನಿಮ್ಮ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿರುವ ಪದ "today adike rate". ಅದರಿಂದ 58 ವೀಕ್ಷಣೆ. ಆದರೆ ಪಕ್ಕದ ಅಂಕಣ ನೋಡಿ, ಸರಾಸರಿ ನೋಡಿದ್ದು 21 ಸೆಕೆಂಡು. 14 ನಿಮಿಷದ ವಿಡಿಯೊದಲ್ಲಿ 21 ಸೆಕೆಂಡು ಅಂದರೆ, ಬಂದವರು ಬಾಗಿಲಲ್ಲೇ ತಿರುಗಿ ಹೋದರು. ಈ ಪದ ಎಲ್ಲಿಂದ ಬಂತು ಅಂತ ನಾನು ಹುಡುಕಿದೆ. ನೀವು ಅಂಟಿಸಿದ ಆ ಎರವಲು ಪಟ್ಟಿಯ ಮೂರನೆಯ ಸಾಲಿನಲ್ಲಿ ಅದು ಇದೆ. ಅಡಿಕೆ ದರ ಕೇಳಿಕೊಂಡು ಬಂದವರಿಗೆ ನಿಮ್ಮ ಮಾವ ಸುಣ್ಣ ಕಲಸುವುದು ಕಂಡಿತು. ಅವರದ್ದೇನೂ ತಪ್ಪಿಲ್ಲ. ಆದರೆ ಬಂದವರು ತಕ್ಷಣ ಬಿಟ್ಟು ಹೋಗುವುದನ್ನು ಯೂಟ್ಯೂಬ್ ಗಮನಿಸುತ್ತದೆ. ಅದು ವಿಡಿಯೊದ ಒಳ್ಳೆಯದಕ್ಕಲ್ಲ. ವಿವರಣೆಯಲ್ಲಿ ಹೀಗೆ ಪದಗಳ ರಾಶಿ ಹಾಕುವುದು, ವಿಡಿಯೊದಲ್ಲಿ ಇಲ್ಲದ್ದನ್ನು ಇದೆ ಎಂಬಂತೆ ಬರೆಯುವುದು ಯೂಟ್ಯೂಬಿನ ನಿಯಮಕ್ಕೂ ವಿರುದ್ಧ, ವಿಡಿಯೊ ತೆಗೆದುಹಾಕುವವರೆಗೂ ಹೋಗಬಹುದು. ಇವತ್ತೇ ಎಲ್ಲ ವಿಡಿಯೊಗಳಿಂದಲೂ ಆ ಪಟ್ಟಿಯನ್ನು ಅಳಿಸಿ. ವೀಕ್ಷಣೆ ಸ್ವಲ್ಪ ಇಳಿಯುತ್ತದೆ. ಇಳಿಯಲಿ, ಅವು ನಿಮ್ಮ ನೋಡುಗರಲ್ಲ.

ಈಗ ಪಟ್ಟಿಯ ಕೆಳಭಾಗ. "adike kole roga" ಹುಡುಕಿ 31 ವೀಕ್ಷಣೆ, ಸರಾಸರಿ 2 ನಿಮಿಷ 5 ಸೆಕೆಂಡು. "bordo dravana" ಹುಡುಕಿ 24, ಸರಾಸರಿ 4 ನಿಮಿಷ 50 ಸೆಕೆಂಡು. "bordo dravana maduva vidhana" ಬರೀ 11, ಆದರೆ ಸರಾಸರಿ 6 ನಿಮಿಷ 30 ಸೆಕೆಂಡು. ಕನ್ನಡ ಲಿಪಿಯಲ್ಲಿ "ಬೋರ್ಡೋ ದ್ರಾವಣ" 9, ಸರಾಸರಿ 5 ನಿಮಿಷ 40 ಸೆಕೆಂಡು. ಇವುಗಳಲ್ಲಿ ಮೊದಲ ಮೂರನ್ನು ಮೇಲಿನಿಂದ ಕೆಳಕ್ಕೆ ಓದಿದರೆ ಒಂದು ಕ್ರಮ ಕಾಣುತ್ತದೆ. ಪದ ಹೆಚ್ಚು ಖಚಿತವಾದಷ್ಟೂ ಬರುವವರು ಕಡಿಮೆ, ಉಳಿಯುವವರು ಹೆಚ್ಚು. ರೋಗದ ಹೆಸರು ಹುಡುಕಿದವರಿಗೆ ರೋಗದ ಬಗ್ಗೆ ತಿಳಿಯಬೇಕಿತ್ತು, ಎರಡು ನಿಮಿಷ ನೋಡಿ ಹೋದರು. ಮಾಡುವ ವಿಧಾನ ಹುಡುಕಿದವರಿಗೆ ಬೇಕಾದದ್ದು ನಿಮ್ಮಲ್ಲಿತ್ತು, ಹತ್ತಿರಹತ್ತಿರ ಅರ್ಧ ವಿಡಿಯೊ ನೋಡಿದರು. ಇದರಿಂದ ತಲೆಬರಹದ ಮುಖ್ಯ ಪದ ಯಾವುದೆಂದು ತೀರ್ಮಾನವಾಯಿತು. ಕೊಳೆ ರೋಗ ಎರಡನೆಯ ಜಾಗಕ್ಕೆ.

ನನ್ನನ್ನು ತಡೆದು ನಿಲ್ಲಿಸಿದ ಸಾಲು ಇನ್ನೂ ಕೆಳಗಿದೆ. "mailututta sunna" ಹುಡುಕಿ ಬಂದವರು ಬರೀ 5. ಸರಾಸರಿ 7 ನಿಮಿಷ 55 ಸೆಕೆಂಡು. ಐದು ವೀಕ್ಷಣೆಯ ಮೇಲೆ ದೊಡ್ಡ ಮಾತು ಆಡಬಾರದು, ಒಬ್ಬರು ಪೂರ್ತಿ ನೋಡಿದರೂ ಸರಾಸರಿ ಮೇಲೇರುತ್ತದೆ. ಆದರೂ ಅನುಮಾನ ಬಂದು ವಿಡಿಯೊ ಮತ್ತೆ ತೆರೆದು ನೋಡಿದೆ. ನಿಮ್ಮ ಮಾವ, "ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ" ಎಂದು ಅಳತೆ ಹೇಳುವುದು ಸರಿಯಾಗಿ 7 ನಿಮಿಷ 10 ಸೆಕೆಂಡಿಗೆ. ಅಂದರೆ ಈ ಪದ ಹುಡುಕಿದವರು ಅಳತೆಗಾಗಿ ಬಂದು, ಏಳು ನಿಮಿಷ ಕಾದು, ಅಳತೆ ಕೇಳಿಸಿಕೊಂಡು ಎದ್ದು ಹೋದಂತೆ ಕಾಣುತ್ತದೆ. ನೀವು ಕಳಿಸಿದ ಇನ್ನೊಂದು ಚಿತ್ರದಲ್ಲಿ, ನೋಡುಗರು ಎಲ್ಲಿಯವರೆಗೆ ಉಳಿದರು ಎಂಬ ಗೆರೆಯಲ್ಲೂ 7 ನಿಮಿಷದ ಹತ್ತಿರ ಸಣ್ಣ ಏರು ಇದೆ. ಹಿಂದಕ್ಕೆ ಎಳೆದು ಮತ್ತೆ ನೋಡಿದ್ದಾರೆ, ಅಥವಾ ಅಲ್ಲಿಗೇ ಹಾರಿ ಬಂದಿದ್ದಾರೆ. ಎರಡು ಬೇರೆ ಬೇರೆ ಕಡೆಯಿಂದ ಒಂದೇ ಸುಳಿವು ಸಿಕ್ಕಿದಾಗ ನಂಬಬಹುದು. ಜನರಿಗೆ ಬೇಕಾಗಿರುವುದು ಅಳತೆ. ನಿಮ್ಮ ತಲೆಬರಹದಲ್ಲಿ, ವಿವರಣೆಯಲ್ಲಿ ಎಲ್ಲೂ ಅಳತೆಯ ಮಾತಿಲ್ಲ.

ಇಲ್ಲಿಯೇ ಈ ವರದಿಯ ಮಿತಿಯನ್ನೂ ಹೇಳಬೇಕು. ಯಾವ ಪದಕ್ಕೆ ನೀವು ಕಂಡಿದ್ದೀರೋ, ಯಾರು ಒತ್ತಿ ಒಳಗೆ ಬಂದರೋ, ಅವರ ಪದಗಳು ಮಾತ್ರ ಇದರಲ್ಲಿ ಇರುತ್ತವೆ. ನೀವು ಕಾಣಿಸದೇ ಹೋದ ಹುಡುಕಾಟಗಳು ಈ ಪಟ್ಟಿಯಲ್ಲಿ ಎಂದೂ ಬರಲಾರವು. "bordeaux mixture in kannada" ನಿಮ್ಮ ವರದಿಯಲ್ಲಿ ಇಲ್ಲ. ಹಾಗೆಂದರೆ ಜನ ಅದನ್ನು ಹುಡುಕುವುದಿಲ್ಲ ಎಂದಲ್ಲ, ನಿಮ್ಮ ಪುಟದಲ್ಲಿ ಆ ಪದವೇ ಇಲ್ಲ. ಅಂಥ ಪದಗಳನ್ನು ಸಲಹೆಗಳ ನೋಟ್‌ಬುಕ್ಕಿನಿಂದಲೇ ತರಬೇಕು. ಅದಕ್ಕೇ ಎರಡನ್ನೂ ಅಕ್ಕಪಕ್ಕ ಇಟ್ಟುಕೊಳ್ಳಿ ಅಂದದ್ದು. ಎರಡರಲ್ಲೂ ಇರುವ ಪದ ತಲೆಬರಹಕ್ಕೆ. ಸಲಹೆಯಲ್ಲಿ ಮಾತ್ರ ಇದ್ದು, ವಿಡಿಯೊದಲ್ಲಿ ಉತ್ತರವಿರುವ ಪದ ವಿವರಣೆಗೆ. ವರದಿಯಲ್ಲಿದ್ದರೂ ಬಂದವರು ನಿಲ್ಲದ ಪದವನ್ನು ಬಿಟ್ಟುಬಿಡಿ.

ಇನ್ನು ಬರೆಯೋಣ. ತಲೆಬರಹಕ್ಕೆ ಯೂಟ್ಯೂಬ್ 100 ಅಕ್ಷರ ಕೊಡುತ್ತದೆ, ಆದರೆ ಫೋನಿನ ಹುಡುಕಾಟದ ಪಟ್ಟಿಯಲ್ಲಿ ಉದ್ದವಾದದ್ದು ಕತ್ತರಿಸಿ ಹೋಗುತ್ತದೆ. ಕನ್ನಡದಲ್ಲಿ ಇನ್ನೊಂದು ಸಂಗತಿ, ಕಂಪ್ಯೂಟರು ಒತ್ತು, ಗುಣಿತಗಳನ್ನೂ ಬೇರೆ ಬೇರೆ ಅಕ್ಷರವಾಗಿ ಎಣಿಸುತ್ತದೆ. ನಮ್ಮ ಕಣ್ಣಿಗೆ "ದ್ರಾ" ಒಂದೇ ಅಕ್ಷರ, ಅದರ ಲೆಕ್ಕಕ್ಕೆ ನಾಲ್ಕು. ಹಾಗಾಗಿ ನೂರು ಬೇಗ ತುಂಬುತ್ತದೆ. ಮುಖ್ಯ ಪದ ಎಲ್ಲಕ್ಕಿಂತ ಮೊದಲು ಬರಲಿ. ನಾನು ಹೀಗೆ ಇಡುತ್ತಿದ್ದೆ:

"ಬೋರ್ಡೋ ದ್ರಾವಣ ಮಾಡುವ ವಿಧಾನ: 100 ಲೀಟರಿಗೆ ಮೈಲುತುತ್ತ, ಸುಣ್ಣ ಎಷ್ಟು? | ಅಡಿಕೆ ಕೊಳೆ ರೋಗ"

ಇದು 79 ಅಕ್ಷರ. ಕೊನೆ ಕತ್ತರಿಸಿ ಹೋದರೂ ದ್ರಾವಣ, ವಿಧಾನ ಎರಡೂ ಉಳಿಯುತ್ತವೆ. "ತೋಟದ ದಿನಚರಿ - 14" ಎನ್ನುವುದನ್ನು ವಿಡಿಯೊದ ಮೇಲಿನ ಚಿತ್ರದ ಮೂಲೆಯಲ್ಲಿ ಬರೆಯಿರಿ, ಇಲ್ಲವೇ ಆ ಹೆಸರಿನ ಪ್ಲೇಲಿಸ್ಟ್ ಮಾಡಿ. ಸರಣಿಯ ಹೆಸರು ಕಳೆದುಹೋಗಬೇಕಾಗಿಲ್ಲ, ಜಾಗ ಬದಲಾದರೆ ಸಾಕು.

ವಿವರಣೆಗೆ 5,000 ಅಕ್ಷರದವರೆಗೆ ಜಾಗವಿದೆ, ಆದರೆ ಒತ್ತದೆ ಕಾಣುವುದು ಮೊದಲ ಒಂದೆರಡು ಸಾಲು ಮಾತ್ರ. ಅಲ್ಲಿ ನಮಸ್ಕಾರ, ಚಾನೆಲ್ ಪರಿಚಯ, ಸಬ್‌ಸ್ಕ್ರೈಬ್ ಮಾಡಿ ಎನ್ನುವುದೆಲ್ಲ ಬೇಡ. ಉತ್ತರವನ್ನೇ ಬರೆಯಿರಿ: "ಅಡಿಕೆ ಕೊಳೆ ರೋಗ ತಡೆಯಲು ಶೇ. 1ರ ಬೋರ್ಡೋ ದ್ರಾವಣ ಮಾಡುವ ವಿಧಾನ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಕಲಸುವ ಕ್ರಮ ಮತ್ತು ಕತ್ತಿ ಅದ್ದಿ ಪರೀಕ್ಷಿಸುವ ಬಗೆ ಈ ವಿಡಿಯೊದಲ್ಲಿದೆ." ಅಳತೆಯನ್ನು ಅಲ್ಲೇ ಹೇಳಿಬಿಟ್ಟರೆ ಜನ ವಿಡಿಯೊ ನೋಡುವುದಿಲ್ಲ ಎಂಬ ಹೆದರಿಕೆ ಬೇಡ. ಅಳತೆ ಓದಿದವರಿಗೆ ಮುಂದಿನ ಪ್ರಶ್ನೆ ಹುಟ್ಟುತ್ತದೆ, ಯಾವುದರೊಳಗೆ ಯಾವುದನ್ನು ಸುರಿಯಬೇಕು? ಅದನ್ನು ಕಣ್ಣಾರೆ ನೋಡಿಯೇ ತಿಳಿಯಬೇಕು. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಮೆಲ್ಲಗೆ ಹೊಯ್ಯುತ್ತಾ ಕದಡುವುದನ್ನು, ಕಬ್ಬಿಣದ ಪಾತ್ರೆ ಏಕೆ ಬಾರದೆಂಬುದನ್ನು ನಿಮ್ಮ ಮಾವ ತೋರಿಸಿದಷ್ಟು ಚೆನ್ನಾಗಿ ಬರಹ ತೋರಿಸಲಾರದು.

ಅದರ ಕೆಳಗೆ ಇನ್ನೊಂದು ಸಣ್ಣ ಪ್ಯಾರಾ: "ದಕ್ಷಿಣ ಕನ್ನಡದ ಕಡೆ ಮಹಾಳಿ ಎಂದು ಕರೆಯುವ ಈ ರೋಗಕ್ಕೆ ಮಳೆ ಹಿಡಿಯುವ ಮುಂಚೆ ಒಮ್ಮೆ, 40-45 ದಿನ ಬಿಟ್ಟು ಮತ್ತೊಮ್ಮೆ ಮದ್ದು ಬಿಡುತ್ತಾರೆ." ಮುಂದಿನ ಸಾಲಿನಲ್ಲಿ ಇಂಗ್ಲಿಷ್ ಅಕ್ಷರದವರಿಗಾಗಿ ಒಂದು ವಾಕ್ಯ: "Adike kole rogakke bordo dravana maduva vidhana (Bordeaux mixture in Kannada)." ಒಂದೇ ವಾಕ್ಯ ಸಾಕು. ಹತ್ತು ಬಗೆಯ ಕಾಗುಣಿತವನ್ನು ಸಾಲಾಗಿ ಬರೆದರೆ ಮತ್ತೆ ಅದೇ ಹಳೆಯ ರಾಶಿ ಆಗುತ್ತದೆ. ತಪ್ಪು ಕಾಗುಣಿತಗಳಿಗೆ Tags ಎಂಬ ಬೇರೆ ಜಾಗವಿದೆ. ಹುಡುಕಾಟದಲ್ಲಿ ಅದರ ಪಾತ್ರ ತೀರಾ ಕಡಿಮೆ, ಕಾಗುಣಿತ ತಪ್ಪುವ ಪದಗಳಿಗಷ್ಟೇ ಉಪಯೋಗ ಎಂದು ಯೂಟ್ಯೂಬೇ ಹೇಳುತ್ತದೆ. "mailututta", "mylututta" ಅಲ್ಲಿಗೆ ಹೋಗಲಿ, ಐದು ನಿಮಿಷಕ್ಕಿಂತ ಹೆಚ್ಚು ಅದರ ಮೇಲೆ ಕಳೆಯಬೇಡಿ.

ಕೊನೆಗೆ ಸಮಯದ ಗುರುತುಗಳು. ವಿವರಣೆಯಲ್ಲಿ ಹೀಗೆ ಬರೆದರೆ ವಿಡಿಯೊ ತಾನೇ ಭಾಗಗಳಾಗಿ ಒಡೆಯುತ್ತದೆ:

```
0:00 ಬೇಕಾಗುವ ಸಾಮಾನು
7:10 ಮೈಲುತುತ್ತ, ಸುಣ್ಣದ ಅಳತೆ
9:30 ದ್ರಾವಣ ಕಲಸುವ ಕ್ರಮ
12:15 ಕತ್ತಿ ಅದ್ದಿ ಪರೀಕ್ಷೆ
```

ಮೊದಲ ಸಾಲು 0:00 ಆಗಿರಲೇಬೇಕು, ಕನಿಷ್ಠ ಮೂರು ಸಾಲು ಇರಬೇಕು, ಪ್ರತಿ ಭಾಗ 10 ಸೆಕೆಂಡಿಗಿಂತ ಕಡಿಮೆ ಇರಬಾರದು. ಅಳತೆಗಾಗಿ ಬಂದವರು ನೇರವಾಗಿ 7:10ಕ್ಕೆ ಹೋಗುತ್ತಾರೆ. ಇದರಿಂದ ನೋಡಿದ ಸಮಯ ಕಡಿಮೆಯಾಗಬಹುದು. ಆದರೂ ಡ್ರಮ್ಮಿನ ಮುಂದೆ ನಿಂತವರನ್ನು ಏಳು ನಿಮಿಷ ಕಾಯಿಸುವುದು ನನಗೆ ಸರಿ ಕಾಣುವುದಿಲ್ಲ. ಹೊಸ ವಿಡಿಯೊ ಮಾಡುವಾಗ ಅಳತೆಯನ್ನು ಮೊದಲ ನಿಮಿಷದಲ್ಲೇ ಹೇಳಿಸಿ.

ಬದಲಾಯಿಸಿದ ಮೇಲೆ ಸುಮ್ಮನಿರುವುದೂ ಕೆಲಸವೇ. ಎರಡು ದಿನಕ್ಕೊಮ್ಮೆ ತಲೆಬರಹ ತಿದ್ದುವವರನ್ನು ನಾನು ನೋಡಿದ್ದೇನೆ, ಅವರಿಗೆ ಯಾವುದರಿಂದ ಏನಾಯಿತೆಂದು ಕೊನೆಗೂ ತಿಳಿಯುವುದಿಲ್ಲ. ಕನಿಷ್ಠ ನಾಲ್ಕು ವಾರ ಬಿಡಿ. ಆಮೇಲೆ ಅದೇ ವರದಿ ತೆರೆದು ಎರಡು ವಿಷಯ ನೋಡಿ. "bordo dravana maduva vidhana" ಪದದಿಂದ ಬಂದವರ ಸಂಖ್ಯೆ ಏರಿದೆಯೇ? ಸರಾಸರಿ ನೋಡಿದ ಸಮಯ ಹಾಗೇ ಉಳಿದಿದೆಯೇ? ಸಂಖ್ಯೆ ಏರಿ ಸಮಯ ಕುಸಿದಿದ್ದರೆ ತಲೆಬರಹ ಕೊಟ್ಟ ಮಾತನ್ನು ವಿಡಿಯೊ ಉಳಿಸಿಕೊಳ್ಳುತ್ತಿಲ್ಲ ಎಂದರ್ಥ. ಆದರೆ ಒಂದು ಎಚ್ಚರ. ಜೂನ್ ಬಂದರೆ ಕೊಳೆಯ ಹುಡುಕಾಟ ತಾನಾಗಿ ಏರುತ್ತದೆ, ಅದನ್ನು ತಲೆಬರಹದ ಪುಣ್ಯ ಅಂದುಕೊಳ್ಳಬೇಡಿ. ಈ ವರ್ಷದ ಜೂನನ್ನು ಹೋದ ವರ್ಷದ ಜೂನಿನೊಂದಿಗೆ ಹೋಲಿಸಿ. ಗೂಗಲ್ ಟ್ರೆಂಡ್ಸ್‌ನಲ್ಲಿ Web Search ಬದಲು YouTube Search ಆರಿಸಿ, ಕರ್ನಾಟಕ ಹಾಕಿದರೆ, ಒಂದು ಪದ ವರ್ಷದಲ್ಲಿ ಯಾವಾಗ ಏರುತ್ತದೆ, ಇಳಿಯುತ್ತದೆ ಎಂಬ ಗೆರೆಯೂ ಸಿಗುತ್ತದೆ. ಅಲ್ಲಿ ಕಾಣುವುದು 100ಕ್ಕೆ ಹೋಲಿಸಿದ ಏರಿಳಿತ, ಹುಡುಕಿದವರ ತಲೆಯೆಣಿಕೆಯಲ್ಲ. ಕನ್ನಡದ ಸಣ್ಣ ಪದಗಳಿಗೆ ಎಷ್ಟೋ ಸಲ ಮಾಹಿತಿ ಸಾಲದು ಎಂದು ಬರುತ್ತದೆ. ಆಗ "arecanut" ತರಹದ ದೊಡ್ಡ ಪದ ಹಾಕಿ ಕಾಲದ ಅಂದಾಜು ಪಡೆಯಿರಿ.

ಟೂಲಿಗೆ ದುಡ್ಡು ಕೊಡಬೇಕೆ ಎಂದು ಕೇಳಿದ್ದೀರಿ. ಈಗ ಬೇಡ. ಅವು ತೋರಿಸುವ ಹುಡುಕಾಟದ ಸಂಖ್ಯೆಗಳು ಅಂದಾಜುಗಳು, ಇಂಗ್ಲಿಷ್ ಅಕ್ಷರದ ಕನ್ನಡ ಪದಗಳಿಗೆ ಆ ಅಂದಾಜು ಇನ್ನೂ ತೆಳು. ನಿಮ್ಮ ವರದಿಯಲ್ಲಿರುವ ಐದು ವೀಕ್ಷಣೆ ನಿಜವಾದ ಐದು ವೀಕ್ಷಣೆ.

ಮಾವನವರ ಮಾತಿಗೂ ಉತ್ತರಿಸಬೇಕು. ಬೇಕಾದವರು ಬರುತ್ತಾರೆ ಅನ್ನುವುದು ಅವರ ನಂಬಿಕೆ. ಬೇಕಾದವರು ಬಂದಿದ್ದಾರೆ ಕೂಡ, "mailututta sunna" ಎಂದು ಹೊಡೆದು, ದಾರಿ ತಿಳಿಯದೆ ಹೇಗೋ ತಲುಪಿದ್ದಾರೆ. ದ್ರಾವಣದ ವಿಡಿಯೊಗೆ ದ್ರಾವಣ ಅಂತ ಹೆಸರಿಡುವುದು ಜನರನ್ನು ಮರುಳುಮಾಡುವುದಲ್ಲ. ಅಡಿಕೆ ದರದ ಹೆಸರಿನಲ್ಲಿ ಕರೆದು ಸುಣ್ಣ ತೋರಿಸಿದ್ದು ಮಾತ್ರ ಅವರು ಬೇಡವೆಂದ ಕೆಲಸ, ಅದನ್ನು ಹೇಗೂ ಅಳಿಸುತ್ತಿದ್ದೀರಿ. ವರದಿಯ ಈ ಸಾಲುಗಳನ್ನು ಅವರಿಗೆ ಓದಿ ಹೇಳಿ, ಒಪ್ಪುತ್ತಾರೆ.

ನಿಮ್ಮ ಪಟ್ಟಿಯ ಕಟ್ಟಕಡೆಯ ಸಾಲು "kotte kattuvudu", 4 ವೀಕ್ಷಣೆ, 40 ಸೆಕೆಂಡು. ಕೊನೆಗೆ ಕೊಟ್ಟೆ ಕಟ್ಟುವುದನ್ನು ಈ ವಿಡಿಯೊದಲ್ಲಿ ಮಾವ ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋಗಿದ್ದಾರೆ. ಹುಡುಕಿ ಬಂದವರಿಗೆ ಏನೂ ಸಿಗಲಿಲ್ಲ. ಇದನ್ನು ಈ ವಿಡಿಯೊದ ವಿವರಣೆಗೆ ಸೇರಿಸಬೇಡಿ. ಆ ಪದವನ್ನು ಹುಡುಕಾಟದ ಪೆಟ್ಟಿಗೆಯಲ್ಲಿ ಹೊಡೆದು ನೋಡಿ, ಸಲಹೆಗಳು ಬರುತ್ತವೆಯೇ, ಮೊದಲ ಪುಟದಲ್ಲಿ ಸರಿಯಾದ ವಿಡಿಯೊ ಇದೆಯೇ ಎಂದು. ಇಲ್ಲವಾದರೆ ಮಳೆ ಹಿಡಿಯುವ ಮುಂಚೆ ಮಾವನ ಜೊತೆ ಅದನ್ನೇ ಚಿತ್ರೀಕರಿಸಿ, ಮೇ ಮಧ್ಯದೊಳಗೆ ಹಾಕಿ. ಹುಡುಕಾಟ ಏರುವ ಹೊತ್ತಿಗೆ ವಿಡಿಯೊ ಅಲ್ಲಿ ಇರಬೇಕು.